ಸಿಟ್ಟಿನ ಸಾಲು, ಮೆತ್ತನೆಯ ಸಾಲು: ಪೀರ್ ರಿವ್ಯೂ ವರದಿಯನ್ನು ಲೇಖಕರಿಗೆ ಸಾರಾಂಶ ಮಾಡಿಕೊಡುವುದು

(ವಿಜಯಪುರದಲ್ಲಿ ಕೃಷಿ ಮತ್ತು ವಿಜ್ಞಾನ ವಿಭಾಗಗಳ ಸಂಶೋಧನಾ ವಿದ್ಯಾರ್ಥಿಗಳು, ಅಧ್ಯಾಪಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಜರ್ನಲ್‌ನಿಂದ ಪೇಪರ್ ವಾಪಸ್ ಬಂದಾಗ ಮೊದಲ ಲೇಖಕ ವರದಿಯನ್ನು ಓದುವುದಿಲ್ಲ, ತಡಕಾಡುತ್ತಾನೆ. ಎಲ್ಲಿ ಬೈದಿದ್ದಾರೆ, ಎಲ್ಲಿ ಹೊಗಳಿದ್ದಾರೆ ಎಂದು ಕಣ್ಣು ಹುಡುಕುತ್ತದೆ. ಹಾಗಾಗಿ ವರದಿಯ ಸಾರಾಂಶ ಮಾಡುವ ಕೆಲಸ ಗೈಡ್ ಅಥವಾ ಸಹ-ಲೇಖಕರಲ್ಲಿ ಒಬ್ಬರಿಗೆ ಬಂದರೆ ಒಳ್ಳೆಯದು. ಇವತ್ತು ನಾನು ಮಾತಾಡುವುದು ಆ ಒಂದು ಕೆಲಸದ ಬಗ್ಗೆ ಮಾತ್ರ: ರಿವ್ಯೂವರ್‌ಗಳು ಬರೆದದ್ದನ್ನು ದೊಡ್ಡ ಆಕ್ಷೇಪ, ಸಣ್ಣ ಆಕ್ಷೇಪ, ಕೇಳಿದ ಬದಲಾವಣೆ ಎಂದು ವಿಂಗಡಿಸಿ ಲೇಖಕರ ಕೈಗೆ ಕೊಡುವುದು. ಉತ್ತರ ಬರೆಯುವುದು ಬೇರೆ ಕೆಲಸ, ಅದು ಆಮೇಲೆ.

ರಿವ್ಯೂ ವರದಿಗಳು ಸಾಮಾನ್ಯವಾಗಿ ಗೋಪ್ಯ. ಲೇಖಕರು, ಸಹ-ಲೇಖಕರು ಓದಬಹುದು, ವಾಟ್ಸಾಪ್ ಗ್ರೂಪಿಗೆ ಹಾಕುವಂತಿಲ್ಲ, ಸಭೆಯಲ್ಲಿ ಪರದೆಯ ಮೇಲೆ ತೋರಿಸುವಂತೆಯೂ ಇಲ್ಲ. ಅದಕ್ಕೇ ಇಲ್ಲಿನ ಉದಾಹರಣೆಯನ್ನು ನಾನೇ ಕಟ್ಟಿದ್ದೇನೆ. ಪೇಪರೂ ಕಲ್ಪಿತ, ಅಂಕಿಗಳೂ ಕಲ್ಪಿತ. ಆದರೆ ಅದರಲ್ಲಿರುವ ತೊಡಕುಗಳು ನಮ್ಮ ಕಡೆಯ ಪೇಪರುಗಳಲ್ಲಿ ದಿನಾ ಕಾಣುವಂಥವೇ.

ವಿಷಯ ನಿಮಗೆಲ್ಲ ಗೊತ್ತಿದ್ದದ್ದು. ಎರೆ ಭೂಮಿ, ಹಿಂಗಾರಿ ಜೋಳ, ಮಾಲದಂಡಿ, ಅಂದರೆ ಎಂ 35-1. ಮುಂಗಾರಿನ ಮಳೆ ಹರಿದು ಹೋಗದ ಹಾಗೆ ಹೊಲದಲ್ಲಿ ಚೌಕು ಮಡಿ ಕಟ್ಟಿ, ನೀರನ್ನು ಅಲ್ಲೇ ಇಂಗಿಸಿ, ಆಮೇಲೆ ಬಿತ್ತಿದರೆ ಇಳುವರಿ ಎಷ್ಟು ಹೆಚ್ಚುತ್ತದೆ ಎಂಬುದು ಪ್ರಶ್ನೆ. ಮಡಿ ಕಟ್ಟಿದ ಆರು ತಾಕು, ಕಟ್ಟದ ಆರು ತಾಕು. ಕಟ್ಟದಲ್ಲಿ ಹೆಕ್ಟೇರಿಗೆ 9.8 ಕ್ವಿಂಟಲ್, ಕಟ್ಟಿದಲ್ಲಿ 12.1 ಕ್ವಿಂಟಲ್. ಒಂದು ಹಂಗಾಮಿನ ಪ್ರಯೋಗ.

ರಿವ್ಯೂ ಬಂತು. ಅದು ಇಂಗ್ಲಿಷಿನಲ್ಲಿ ಬರುತ್ತದೆ, ನಾನು ಕನ್ನಡದಲ್ಲಿ ಓದುತ್ತೇನೆ. ಒಂದನೇ ರಿವ್ಯೂವರ್ ಬರೆದದ್ದು ಇದು:

"ಕೆಲಸ ಉಪಯುಕ್ತವಾಗಿದೆ, ಇಳುವರಿಯನ್ನು ದಾಖಲಿಸಿದ ರೀತಿ ಅಚ್ಚುಕಟ್ಟಾಗಿದೆ. ಆದರೆ ಭಾಷೆ ತೀರಾ ಕಳಪೆ. ಕಳಿಸುವ ಮುನ್ನ ಲೇಖಕರು ಇದನ್ನು ಒಮ್ಮೆಯಾದರೂ ಓದಿದ್ದಾರೆಯೇ ಎಂಬ ಅನುಮಾನ ಬರುತ್ತದೆ. ಉಲ್ಲೇಖಗಳ ಪಟ್ಟಿ ಜರ್ನಲ್‌ನ ನಿಯಮಕ್ಕೆ ಹೊಂದುವುದಿಲ್ಲ, ಇದನ್ನು ಒಪ್ಪಲು ಸಾಧ್ಯವಿಲ್ಲ. ಯಾವ ತಾಕಿಗೆ ಮಡಿ, ಯಾವುದಕ್ಕೆ ಇಲ್ಲ ಎಂದು ಹೇಗೆ ಹಂಚಲಾಯಿತು ಎಂಬುದನ್ನು ವಿವರಿಸಿದರೆ ಓದುಗರಿಗೆ ಅನುಕೂಲವಾದೀತು. ಚಿತ್ರ 2ರಲ್ಲಿ ಮಡಿ ಕಟ್ಟಿದ ಆರೂ ತಾಕುಗಳು ಬದುವಿನ ಒಂದೇ ಬದಿಗೆ ಇದ್ದಂತೆ ಕಾಣುತ್ತದೆ, ಹಾಗಿದ್ದರೆ ಕೋಷ್ಟಕ 3ರ ಲೆಕ್ಕವನ್ನೂ ಮತ್ತೆ ನೋಡಬೇಕಾದೀತು. ಪ್ರಯೋಗ ಒಂದೇ ಹಂಗಾಮಿನದು, ಶಿಫಾರಸು ಮಾತ್ರ ಇಡೀ ವಲಯಕ್ಕೆ. ಸಾರಲೇಖದಲ್ಲಿ ಹೆಚ್ಚಳ ಶೇ. 32 ಎಂದಿದೆ, ಕೋಷ್ಟಕಕ್ಕೆ ಅದು ಹೊಂದುವುದಿಲ್ಲ. ಚರ್ಚೆಯ ಭಾಗದಲ್ಲಿ ಕೆಳಗಿನ ಮೂರು ಪ್ರಬಂಧಗಳನ್ನು ಉಲ್ಲೇಖಿಸಬೇಕು."

ಎರಡನೇ ರಿವ್ಯೂವರ್ ಚುಟುಕು: "ಒಳ್ಳೆಯ ಕೆಲಸ. ಪೀಠಿಕೆ ಉದ್ದವಾಯಿತು. ವಿಧಾನದ ಭಾಗವನ್ನು ಅರ್ಧಕ್ಕೆ ಇಳಿಸಿ. ಖರ್ಚು-ಆದಾಯದ ಲೆಕ್ಕವಿಲ್ಲದೆ ರೈತರಿಗೆ ಶಿಫಾರಸು ಹೇಗೆ? ಉಳಿದದ್ದು ಪಿಡಿಎಫ್‌ನಲ್ಲಿದೆ."

ಸಂಪಾದಕರ ಪತ್ರದಲ್ಲಿ ಹೀಗಿದೆ: "ಮೇಜರ್ ರಿವಿಜನ್. ಪ್ರಯೋಗದ ವಿನ್ಯಾಸದ ಬಗ್ಗೆ ಒಂದನೇ ರಿವ್ಯೂವರ್ ಎತ್ತಿದ ವಿಷಯಕ್ಕೆ ವಿಶೇಷ ಗಮನ ಕೊಡಿ. 60 ದಿನದೊಳಗೆ ಮರಳಿ ಕಳಿಸಿ."

ಇಷ್ಟು ಓದಿ ಮುಗಿಸುವಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿಯೊಬ್ಬ ಕೈ ಎತ್ತಿದ. "ಸರ್, ಇಂಗ್ಲಿಷ್ ಕಳಪೆ ಅಂತ ಇಷ್ಟ್ ಸಿಟ್ಟಿಲೆ ಬರದಾರಂದ್ರ ಅದು ಮೇಜರ್ ಅಲ್ಲೇನ್ರಿ?" ಇಂಥ ಪ್ರಶ್ನೆ ಬರಲಿ ಎಂದೇ ಕಾಯುತ್ತಿದ್ದೆ. ಸಾರಾಂಶ ಮಾಡುವವರಲ್ಲಿ ಬಹುಪಾಲು ಜನ ಎಡವುವುದು ಇಲ್ಲೇ. ರಿವ್ಯೂವರ್ ಎಷ್ಟು ಜೋರಾಗಿ ಹೇಳಿದ್ದಾರೆ ಎಂಬುದನ್ನು ನೋಡಿ ದೊಡ್ಡದು, ಸಣ್ಣದು ಎಂದು ಹಂಚಿಬಿಡುತ್ತಾರೆ. ರಿವ್ಯೂವರ್‌ಗೆ ಸಿಟ್ಟು ಬರುವುದು ಓದಲು ತೊಂದರೆ ಕೊಟ್ಟ ವಿಷಯದ ಮೇಲೆ. ಪೇಪರನ್ನೇ ಬೀಳಿಸುವ ವಿಷಯ ಬಂದಾಗ ಅನುಭವಸ್ಥರು ಬಹಳ ಸಲ ಮೆತ್ತಗಾಗುತ್ತಾರೆ, ಯಾಕೆಂದರೆ ಅವರು ಹೊಲ ನೋಡಿಲ್ಲ, ತಮ್ಮ ಊಹೆ ತಪ್ಪಿರಬಹುದು ಎಂಬ ಎಚ್ಚರ ಅವರಿಗಿರುತ್ತದೆ. "ಅನುಕೂಲವಾದೀತು", "ಇದ್ದಂತೆ ಕಾಣುತ್ತದೆ", "ನೋಡಬೇಕಾದೀತು" ಎಂಬ ಮಾತುಗಳು ಬಂದಲ್ಲಿ ನಿಂತು ಓದಬೇಕು.

ಹಾಗಾದರೆ ತೂಗುವುದು ಹೇಗೆ? ನನ್ನ ಕ್ರಮ ಇಷ್ಟೇ. ವರದಿಯನ್ನು ಮುಟ್ಟುವ ಮೊದಲು ಪೇಪರಿನ ಸಾರಲೇಖ ತೆಗೆದುಕೊಂಡು, ಈ ಪೇಪರ್ ಏನೇನು ಹೇಳಿಕೊಳ್ಳುತ್ತಿದೆ ಎಂದು ಒಂದು ಹಾಳೆಯ ಮೇಲೆ ಬರೆಯುತ್ತೇನೆ. ಇಲ್ಲಿ ಮೂರು ಮಾತು ಸಿಕ್ಕವು. ಚೌಕು ಮಡಿಯಿಂದ ಇಳುವರಿ ಹೆಚ್ಚಿತು ಎಂಬುದು ಒಂದು. ಮಣ್ಣಿನಲ್ಲಿ ತೇವಾಂಶ ಹೆಚ್ಚು ಉಳಿದದ್ದೇ ಕಾರಣ ಎಂಬುದು ಎರಡು. ಆದ್ದರಿಂದ ಈ ವಲಯದ ರೈತರೆಲ್ಲ ಇದನ್ನು ಮಾಡಬೇಕು ಎಂಬುದು ಮೂರು. ಇನ್ನು ರಿವ್ಯೂವರ್‌ನ ಒಂದೊಂದು ಸಾಲನ್ನೂ ಹಿಡಿದು ಕೇಳಬೇಕಾದ ಪ್ರಶ್ನೆ ಒಂದೇ: ಇವರು ಹೇಳಿದ್ದು ನಿಜವೇ ಆಗಿದ್ದರೆ ಈ ಮೂರರಲ್ಲಿ ಯಾವುದಾದರೂ ಬೀಳುತ್ತದೆಯೇ? ಬಿದ್ದರೆ ದೊಡ್ಡ ಆಕ್ಷೇಪ. ಏನೂ ಬೀಳದಿದ್ದರೆ ಸಣ್ಣದು, ಎಷ್ಟೇ ಬೈದಿರಲಿ. ಭಾಷೆ ಕಳಪೆ ಎಂಬುದು ಪೂರ್ತಿ ನಿಜವೆಂದೇ ಇಟ್ಟುಕೊಳ್ಳಿ, ಮೂರೂ ಮಾತು ನಿಂತೇ ಇರುತ್ತವೆ. ಭಾಷೆ ಎಷ್ಟು ಹದಗೆಟ್ಟಿದೆಯೆಂದರೆ ವಿಧಾನವೇ ಅರ್ಥವಾಗುತ್ತಿಲ್ಲ ಎಂದು ರಿವ್ಯೂವರ್ ಹೇಳಿದ್ದರೆ ಮಾತು ಬೇರೆ. ಇಲ್ಲಿ ಹಾಗೆ ಹೇಳಿಲ್ಲ.

ಈಗ ಬದುವಿನ ಒಂದೇ ಬದಿಯ ಆರು ತಾಕುಗಳ ವಿಷಯಕ್ಕೆ ಬರೋಣ. ವರದಿಯ ಅತಿ ಭಾರದ ಸಾಲು ಇದು, ಸ್ವಲ್ಪ ಹೊತ್ತು ಇಲ್ಲೇ ನಿಲ್ಲಬೇಕು. ಪೇಪರಿನಲ್ಲಿ ಬರೆದಿರುವುದು ಯಾದೃಚ್ಛಿಕ ಬ್ಲಾಕ್ ವಿನ್ಯಾಸ, ಎರಡು ಉಪಚಾರ, ಆರು ಪುನರಾವರ್ತನೆ. ಅಂದರೆ ಆರು ಬ್ಲಾಕು, ಪ್ರತಿ ಬ್ಲಾಕಿನಲ್ಲೂ ಒಂದು ಮಡಿ ಕಟ್ಟಿದ ತಾಕು, ಒಂದು ಕಟ್ಟದ ತಾಕು, ಯಾವುದು ಎಲ್ಲಿ ಎಂಬುದು ಚೀಟಿ ಎತ್ತಿ ತೀರ್ಮಾನವಾದದ್ದು. ಹಾಗಿದ್ದರೆ ಮಡಿ ಕಟ್ಟಿದ ತಾಕುಗಳು ಹೊಲದ ತುಂಬ ಹರಡಿರಬೇಕಿತ್ತು. ಚಿತ್ರದಲ್ಲಿ ಹಾಗಿಲ್ಲ. ಬದುವಿನ ಆಚೆಗಿನ ಹೊಲಕ್ಕೆ ಪೂರ್ತಿ ಮಡಿ ಕಟ್ಟಿ, ಈಚೆಯ ಹೊಲವನ್ನು ಹಾಗೇ ಬಿಟ್ಟು, ಎರಡರಲ್ಲೂ ಆರಾರು ಕಡೆ ಕೊಯ್ದು ತೂಗಿದಂತೆ ಕಾಣುತ್ತದೆ.

ಹೊಲದಲ್ಲಿ ಕೆಲಸ ಮಾಡಿದವರಿಗೆ ಇದರ ಅರ್ಥ ಗೊತ್ತು. ಬದುವಿನ ಆಚೆ ಎರೆ ಮೂರು ಅಡಿ ಆಳ ಇದ್ದು, ಈಚೆ ಒಂದೂವರೆ ಅಡಿಗೇ ಗರಸು ಬಂದಿದ್ದರೆ ಮಡಿ ಕಟ್ಟದೆಯೂ ಆಚೆ ಜೋಳ ಚೆನ್ನಾಗಿ ಬರುತ್ತದೆ. ಹೋದ ವರ್ಷ ಒಂದು ಕಡೆ ಕಡಲೆ, ಇನ್ನೊಂದು ಕಡೆ ಜೋಳವೇ ಇದ್ದರೂ ಹಾಗೆಯೇ. ಮಡಿಯ ಪರಿಣಾಮ ಯಾವುದು, ಹೊಲದ ಗುಣ ಯಾವುದು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಒಂದೇ ಹೊಲದಲ್ಲಿ ಆರು ಸಲ ಕೊಯ್ದರೆ ಆ ಹೊಲದ ಸರಾಸರಿ ನಿಖರವಾಗುತ್ತದೆ ಅಷ್ಟೇ, ಉಪಚಾರ ಆರು ಸಲ ಪುನರಾವರ್ತನೆ ಆದಂತೆ ಆಗುವುದಿಲ್ಲ. ಪರಿಸರ ವಿಜ್ಞಾನದಲ್ಲಿ ಈ ದೋಷಕ್ಕೆ ಸ್ಯೂಡೋರೆಪ್ಲಿಕೇಶನ್ ಎಂಬ ಹೆಸರನ್ನು ನೆಲೆಗೊಳಿಸಿದ್ದು ಹರ್ಲ್‌ಬರ್ಟ್ ಅವರ 1984ರ ಪ್ರಬಂಧ. ಲೆಕ್ಕದಲ್ಲಿ ನೋಡಿದರೆ ಇನ್ನೂ ಸ್ಪಷ್ಟ. ಪೇಪರ್ ಹೇಳಿದ ವಿನ್ಯಾಸ ನಿಜವಾಗಿದ್ದರೆ ದೋಷಕ್ಕೆ ಸಿಗುವ ಡಿಗ್ರೀಸ್ ಆಫ್ ಫ್ರೀಡಂ 5. ನಿಜದಲ್ಲಿ ಇದ್ದದ್ದು ಎರಡೇ ಹೊಲ ಎಂದಾದರೆ ಸಿಗುವುದು ಸೊನ್ನೆ. ಆಗ ಕೋಷ್ಟಕ 3ರಲ್ಲಿರುವ ಕ್ರಿಟಿಕಲ್ ಡಿಫರೆನ್ಸ್ ಸಂಖ್ಯೆಗೆ ಅರ್ಥವೇ ಇಲ್ಲ. ಪೇಪರಿನ ಮೊದಲನೇ ಮಾತೇ ಹೋಯಿತು, ಅದರ ಹಿಂದೆ ಉಳಿದ ಎರಡೂ.

ಇಷ್ಟು ಗೊತ್ತಾದ ಮೇಲೆ ಸಾರಾಂಶದಲ್ಲಿ "ವಿನ್ಯಾಸ ತಪ್ಪು ಎಂದು ರಿವ್ಯೂವರ್ ಹೇಳಿದ್ದಾರೆ" ಎಂದು ಬರೆಯಬೇಕೆನಿಸುತ್ತದೆ. ಬರೆಯಬಾರದು. ಅವರು ಹೇಳಿದ್ದು "ಕಾಣುತ್ತದೆ" ಎಂದು. ಚಿತ್ರ ಬಿಡಿಸಿದವನು ತಾಕುಗಳನ್ನು ಅಂದಕ್ಕಾಗಿ ಒಟ್ಟಿಗೆ ಜೋಡಿಸಿ, ಹೊಲದಲ್ಲಿ ನಿಜವಾಗಿಯೂ ಹಂಚಿಕೆ ಸರಿಯಾಗಿ ಆಗಿರಬಹುದು. ಅದು ಗೊತ್ತಿರುವುದು ಲೇಖಕರಿಗೆ ಮಾತ್ರ. ರಿವ್ಯೂವರ್‌ನ ಅನುಮಾನವನ್ನು ತೀರ್ಪಾಗಿ ಗಟ್ಟಿ ಮಾಡಿದರೆ ಲೇಖಕರು ಇಲ್ಲದ ತಪ್ಪನ್ನು ಒಪ್ಪಿಕೊಂಡು ಉತ್ತರ ಬರೆಯುತ್ತಾರೆ. "ಚಿತ್ರ 2 ಸ್ಪಷ್ಟಪಡಿಸಿ" ಎಂದು ತೆಳು ಮಾಡಿದರೆ ಚಿತ್ರವನ್ನಷ್ಟೇ ತಿದ್ದಿ ಕಳಿಸುತ್ತಾರೆ, ಎರಡನೇ ಸುತ್ತಿನಲ್ಲಿ ಪೇಪರ್ ರಿಜೆಕ್ಟ್ ಆಗುತ್ತದೆ. ಹಾಗಾಗಿ ದೊಡ್ಡ ಆಕ್ಷೇಪಗಳ ಕೆಳಗೆ ರಿವ್ಯೂವರ್‌ನ ಮೂಲ ವಾಕ್ಯವನ್ನು ಅಕ್ಷರ ಬದಲಿಸದೆ ಇಟ್ಟು, ಅದರಿಂದ ಯಾವ ಮಾತಿಗೆ ಪೆಟ್ಟು ಎಂದು ಒಂದು ಸಾಲು ಸೇರಿಸುತ್ತೇನೆ. ಆ ವಾಕ್ಯದಲ್ಲಿ ಎರಡು ವಿಷಯ ಇವೆ, ಅದನ್ನೂ ಗಮನಿಸಿ. ಹಂಚಿಕೆ ಹೇಗಾಯಿತು ಎಂಬುದು ಒಂದು, ಕೋಷ್ಟಕ 3ರ ಲೆಕ್ಕ ಇನ್ನೊಂದು. ಒಂದೇ ಬಿಂದುವಾಗಿ ಬರೆದರೆ ಲೇಖಕರು ಮೊದಲನೆಯದಕ್ಕೆ ಉತ್ತರಿಸಿ ಎರಡನೆಯದನ್ನು ಮರೆಯುತ್ತಾರೆ.

"ಒಂದೇ ಹಂಗಾಮು" ಎಂಬ ಆಕ್ಷೇಪದ ಭಾರ ಪೇಪರಿನ ಶಿಫಾರಸಿನ ಮೇಲೆ ನಿಂತಿದೆ. ಆ ವರ್ಷ ಬಿತ್ತನೆಗೆ ಮುಂಚೆ ಮಳೆ ಚೆನ್ನಾಗಿ ಬಿದ್ದಿದ್ದರೆ ಮಡಿಗೆ ಇಂಗಿಸಲು ನೀರು ಸಿಕ್ಕಿತು. ಮಳೆಯೇ ಕೈಕೊಟ್ಟ ವರ್ಷ ಮಡಿ ಕಟ್ಟಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅತಿಯಾದ ವರ್ಷ ಮಡಿಯಲ್ಲಿ ನೀರು ನಿಂತು ಬಿತ್ತನೆಯೇ ತಡವಾಗಬಹುದು. ಒಂದು ವರ್ಷದ ಫಲಿತಾಂಶ ಎಂದು ಬರೆದಿದ್ದರೆ ಈ ಆಕ್ಷೇಪ ಸಣ್ಣದಾಗುತ್ತಿತ್ತು. ಇಡೀ ವಲಯಕ್ಕೆ ಶಿಫಾರಸು ಮಾಡಿದ್ದರಿಂದ ದೊಡ್ಡದಾಯಿತು. ಎರಡನೇ ರಿವ್ಯೂವರ್‌ನ ಖರ್ಚು-ಆದಾಯದ ಪ್ರಶ್ನೆಯೂ ಬೀಳುವುದು ಅದೇ ಮೂರನೇ ಮಾತಿನ ಮೇಲೆ. ಬೇರೆ ಬೇರೆ ರಿವ್ಯೂವರ್‌ಗಳ ಬೇರೆ ಬೇರೆ ಮಾತು ಎಂದು ದೂರ ದೂರ ಬರೆಯದೆ ಎರಡನ್ನೂ ಅಕ್ಕಪಕ್ಕ ಇಟ್ಟರೆ, ಪೇಪರಿನ ಯಾವ ಭಾಗ ಸೋರುತ್ತಿದೆ ಎಂದು ಲೇಖಕರಿಗೆ ತಾನಾಗಿ ಕಾಣುತ್ತದೆ. ಯಾರು ಹೇಳಿದ್ದು ಎಂಬ ಗುರುತು ಮಾತ್ರ ಅಳಿಸಬಾರದು. ಮುಂದೆ ಉತ್ತರದ ಪತ್ರದಲ್ಲಿ ಒಬ್ಬೊಬ್ಬರಿಗೂ ಬೇರೆಯಾಗಿಯೇ ಉತ್ತರ ಕೊಡಬೇಕು.

ಪಿಡಿಎಫ್ ತೆರೆಯಿರಿ. ವರದಿಯ ಕೊನೆಗೆ "ಉಳಿದದ್ದು ಪಿಡಿಎಫ್‌ನಲ್ಲಿದೆ" ಎಂದು ಬಂದದ್ದನ್ನು ಓದಿಯೂ ತೆರೆಯದವರಿದ್ದಾರೆ. ನಮ್ಮ ಉದಾಹರಣೆಯಲ್ಲಿ ಅಲ್ಲಿ ಹನ್ನೆರಡು ಕಡೆ ಕಾಗುಣಿತ ತಿದ್ದಿದ್ದಾರೆ, ಅದರ ನಡುವೆ 142ನೇ ಸಾಲಿನ ಪಕ್ಕ ಒಂದು ಪುಟ್ಟ ಟಿಪ್ಪಣಿ ಇದೆ: "ತೇವಾಂಶ 30 ಸೆಂ.ಮೀ.ವರೆಗೆ ಮಾತ್ರವೇ?" ಇಷ್ಟೇ. ಕಾಗುಣಿತದ ಜೊತೆ ಸೇರಿಸಿ "ಪಿಡಿಎಫ್‌ನಲ್ಲಿ ಸಣ್ಣಪುಟ್ಟ ತಿದ್ದುಪಡಿ" ಎಂದು ಬರೆದುಬಿಡುವುದು ಸುಲಭ. ಆದರೆ ಹಿಂಗಾರಿ ಜೋಳ ಕಾಳು ಕಟ್ಟುವ ಹೊತ್ತಿಗೆ ಮಳೆ ಇರುವುದಿಲ್ಲ, ಮೇಲಿನ ಒಂದು ಅಡಿ ಒಣಗಿ ಬಿರುಕು ಬಿಟ್ಟಿರುತ್ತದೆ, ಬೇರು ನೀರು ಎಳೆಯುವುದು ಅದಕ್ಕಿಂತ ಕೆಳಗಿನಿಂದ. ಅಲ್ಲಿ ಅಳೆಯದೆ "ತೇವಾಂಶವೇ ಕಾರಣ" ಎಂದು ಹೇಳಲು ಆಧಾರ ಸಾಲದು. ಪೇಪರಿನ ಎರಡನೇ ಮಾತಿಗೆ ನೇರ ಪೆಟ್ಟು. ಇಳುವರಿಯ ಫಲಿತಾಂಶ ನಿಲ್ಲಬಹುದು, ಅದರ ವಿವರಣೆ ನಿಲ್ಲುವುದಿಲ್ಲ. ನಾನು ಇದನ್ನು ದೊಡ್ಡ ಆಕ್ಷೇಪಗಳಲ್ಲೇ ಇಡುತ್ತೇನೆ.

ಶೇಕಡಾ 32ರ ವಿಷಯ ಸ್ವಲ್ಪ ಸೂಕ್ಷ್ಮ. 9.8ರಿಂದ 12.1ಕ್ಕೆ ಏರಿದರೆ ಹೆಚ್ಚಳ ಸುಮಾರು ಶೇ. 23. ಟೈಪ್ ಮಾಡುವಾಗ ಅಂಕಿ ಅದಲುಬದಲಾಗಿ 32 ಆಗಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ, ಬಹುಶಃ ಅದೇ ನಿಜ. ಹಾಗೆಂದು ಸಾರಾಂಶ ಮಾಡುವವರು ತೀರ್ಮಾನಿಸಿಬಿಡುವಂತಿಲ್ಲ. ಒಂದು ತಾಕನ್ನು ಬಿಟ್ಟು ಮಾಡಿದ ಹಳೆಯ ಲೆಕ್ಕದಿಂದ 32 ಬಂದಿದ್ದರೆ? ಹಾಗಾದರೆ ಯಾವ ತಾಕು, ಯಾಕೆ ಬಿಟ್ಟರು ಎಂಬ ದೊಡ್ಡ ಪ್ರಶ್ನೆ ಏಳುತ್ತದೆ. ಇದನ್ನು ಸಣ್ಣ ಆಕ್ಷೇಪಗಳಲ್ಲಿ ಇಟ್ಟು ಪಕ್ಕಕ್ಕೆ ಬರೆಯುತ್ತೇನೆ: ಮೂಲ ಲೆಕ್ಕದ ಫೈಲ್ ನೋಡಿ, ಬರೀ ಟೈಪಿನ ತಪ್ಪಲ್ಲದಿದ್ದರೆ ಇದು ಮೇಲೆ ಹೋಗಬೇಕು.

ಇನ್ನು ಮೂರನೇ ಭಾಗ, ಕೇಳಿದ ಬದಲಾವಣೆಗಳು. ದೊಡ್ಡದು, ಸಣ್ಣದು ಆದ ಮೇಲೆ ಉಳಿದದ್ದನ್ನು ಹಾಕುವ ಜಾಗ ಇದು ಎಂದು ತಿಳಿದವರೇ ಜಾಸ್ತಿ. ಹಾಗಲ್ಲ. ಆಕ್ಷೇಪ ಎಂದರೆ ಏನು ಸರಿಯಿಲ್ಲ ಎಂಬುದು, ಬದಲಾವಣೆ ಎಂದರೆ ಏನು ಮಾಡಿ ಎಂದು ಕೇಳಿದ್ದಾರೆ ಎಂಬುದು. ಒಂದೇ ಹಂಗಾಮು ಎಂದು ಆಕ್ಷೇಪಿಸಿದವರು ಇನ್ನೊಂದು ವರ್ಷ ಬೆಳೆಯಿರಿ ಎಂದು ಎಲ್ಲಿಯೂ ಕೇಳಿಲ್ಲ. ಅದನ್ನು ನಾವೇ ಊಹಿಸಿ ಪಟ್ಟಿಗೆ ಸೇರಿಸಿದರೆ ಲೇಖಕರು ಗಾಬರಿಯಾಗುತ್ತಾರೆ, ಯಾಕೆಂದರೆ ಸಂಪಾದಕರು ಕೊಟ್ಟದ್ದು 60 ದಿನ, ಹಿಂಗಾರಿ ಬಿತ್ತನೆಯೇ ಸೆಪ್ಟೆಂಬರ್-ಅಕ್ಟೋಬರ್, ರಾಶಿಯಾಗುವುದು ಫೆಬ್ರುವರಿಯ ಹೊತ್ತಿಗೆ. ಇಂಥ ಕಡೆ "ಆಕ್ಷೇಪ ಇದೆ, ಇಂಥದ್ದೇ ಬದಲಾವಣೆ ಎಂದು ಕೇಳಿಲ್ಲ" ಎಂದು ಹಾಗೇ ಬರೆಯಬೇಕು. ಶಿಫಾರಸಿನ ಮಾತನ್ನು ತಗ್ಗಿಸುವುದೋ, ಪೇಪರನ್ನು ತಡೆದಿಟ್ಟು ಇನ್ನೊಂದು ಹಂಗಾಮು ಕಾಯುವುದೋ, ಅದು ಲೇಖಕರ ನಿರ್ಧಾರ.

ಇದರ ತಿರುವುಮುರುವೂ ಉಂಟು. ಮೂರು ಪ್ರಬಂಧ ಉಲ್ಲೇಖಿಸಿ ಎಂದು ಕೇಳಿದ್ದಾರೆ, ಅವು ಇಲ್ಲದ್ದರಿಂದ ಪೇಪರಿಗೆ ಏನು ಕೊರತೆ ಎಂದು ಹೇಳಿಲ್ಲ. ಹೆಸರು ನೋಡಿದರೆ ಮೂರಕ್ಕೂ ಒಬ್ಬರೇ ಲೇಖಕರು. ತಮ್ಮ ಕೃತಿಗಳ ಉಲ್ಲೇಖದ ಸಂಖ್ಯೆ ಹೆಚ್ಚಿಸಿಕೊಳ್ಳಲು ಮಾತ್ರ ರಿವ್ಯೂವರ್‌ಗಳು ಹೀಗೆ ಕೇಳಬಾರದು ಎಂದು ಪ್ರಕಟಣಾ ನೀತಿಯ ಸಮಿತಿಯಾದ ಕೋಪ್‌ನ ಮಾರ್ಗಸೂಚಿ ಹೇಳುತ್ತದೆ. ಆದರೆ ಇಲ್ಲಿ ಅದೇ ನಡೆದಿದೆ ಎಂದು ನಮಗೆ ಗೊತ್ತಿಲ್ಲ, ರಿವ್ಯೂವರ್ ಯಾರೆಂದೂ ಗೊತ್ತಿಲ್ಲ. ಮೂರೂ ಪ್ರಬಂಧ ವಿಷಯಕ್ಕೆ ತಕ್ಕವೇ ಇರಬಹುದು. ಸಾರಾಂಶದಲ್ಲಿ ಕಂಡದ್ದನ್ನಷ್ಟೇ ಬರೆಯಿರಿ: ಬದಲಾವಣೆ ಕೇಳಿದ್ದಾರೆ, ಕಾರಣ ಕೊಟ್ಟಿಲ್ಲ, ಮೂರೂ ಒಬ್ಬರದೇ. ಗುಮಾನಿಯ ಮಾತು ಬೇಡ.

ಇಬ್ಬರೂ ಎದುರುಬದುರು ಹೇಳಿದ ಜಾಗ ಒಂದಿದೆ. ಒಬ್ಬರಿಗೆ ಹಂಚಿಕೆಯ ವಿವರ ಹೆಚ್ಚು ಬೇಕು, ಇನ್ನೊಬ್ಬರಿಗೆ ವಿಧಾನದ ಭಾಗ ಅರ್ಧಕ್ಕೆ ಇಳಿಯಬೇಕು. ಇಬ್ಬರ ಮಾತನ್ನೂ ನಯವಾಗಿ ಬೆರೆಸಿ "ವಿಧಾನದ ಭಾಗವನ್ನು ಪರಿಷ್ಕರಿಸಿ" ಎಂದು ಬರೆದರೆ ಜಗಳವೇ ಮಾಯವಾಗುತ್ತದೆ, ಲೇಖಕರಿಗೆ ಅದು ಕಾಣುವುದೇ ಇಲ್ಲ. ಎದುರುಬದುರಾಗಿಯೇ ಇಡಿ, ಕೆಳಗೆ ಸಂಪಾದಕರ ಪತ್ರದ ಸಾಲನ್ನು ಬರೆಯಿರಿ. ಅವರು ವಿನ್ಯಾಸಕ್ಕೆ ಗಮನ ಕೊಡಿ ಎಂದಿದ್ದಾರೆ. ಪೇಪರನ್ನು ಒಪ್ಪುವುದು, ಬಿಡುವುದು ಕೊನೆಗೆ ಸಂಪಾದಕರ ಕೈಯಲ್ಲಿ, ಆದ್ದರಿಂದ ಅವರ ಪತ್ರಕ್ಕೆ ಸಾರಾಂಶದಲ್ಲಿ ಮೊದಲ ಸ್ಥಾನ.

ಈಗ ನಮ್ಮ ಸಾರಾಂಶ ಹೇಗೆ ಕಾಣುತ್ತದೆ ಎಂದು ಓದುತ್ತೇನೆ. ಮೂಲ ವಾಕ್ಯಗಳನ್ನು ಬಿಟ್ಟಿದ್ದೇನೆ, ನಿಮ್ಮ ಪ್ರತಿಯಲ್ಲಿ ಅವು ಇರಲಿ.

"ತೀರ್ಪು: ಮೇಜರ್ ರಿವಿಜನ್, 60 ದಿನ. ಸಂಪಾದಕರ ಒತ್ತು ವಿನ್ಯಾಸದ ಮೇಲೆ. ಇಳುವರಿ ದಾಖಲಿಸಿದ ರೀತಿಯನ್ನು ಒಂದನೇ ರಿವ್ಯೂವರ್ ಮೆಚ್ಚಿದ್ದಾರೆ.

ದೊಡ್ಡ ಆಕ್ಷೇಪಗಳು: ಉಪಚಾರಗಳ ಹಂಚಿಕೆ ಯಾದೃಚ್ಛಿಕವಾಗಿತ್ತೇ ಎಂಬ ಅನುಮಾನ, ಚಿತ್ರ 2ರ ಆಧಾರದ ಮೇಲೆ (ಒಂದನೇ ರಿವ್ಯೂವರ್). ಹಾಗಿಲ್ಲದಿದ್ದರೆ ಕೋಷ್ಟಕ 3ರ ಲೆಕ್ಕ ನಿಲ್ಲುವುದೇ ಎಂಬ ಪ್ರಶ್ನೆ (ಒಂದನೇ). ತೇವಾಂಶವನ್ನು 30 ಸೆಂ.ಮೀ.ಗೆ ಸೀಮಿತಗೊಳಿಸಿದ್ದು, ಸಾಲು 142 (ಎರಡನೇ, ಪಿಡಿಎಫ್). ವಲಯಕ್ಕೆಲ್ಲ ಶಿಫಾರಸು, ಆದರೆ ಒಂದೇ ಹಂಗಾಮು (ಒಂದನೇ), ಖರ್ಚು-ಆದಾಯದ ಲೆಕ್ಕವಿಲ್ಲ (ಎರಡನೇ).

ಸಣ್ಣ ಆಕ್ಷೇಪಗಳು: ಭಾಷೆ, ಉಲ್ಲೇಖಗಳ ರೂಪ (ಒಂದನೇ). ಸಾರಲೇಖದ ಶೇ. 32, ಕೋಷ್ಟಕದ ಪ್ರಕಾರ ಸುಮಾರು 23, ಮೂಲ ಫೈಲ್ ನೋಡಿ (ಒಂದನೇ). ಪೀಠಿಕೆಯ ಉದ್ದ (ಎರಡನೇ). ಕಾಗುಣಿತ, ಹನ್ನೆರಡು ಕಡೆ (ಎರಡನೇ, ಪಿಡಿಎಫ್).

ಕೇಳಿದ ಬದಲಾವಣೆಗಳು: ಹಂಚಿಕೆಯನ್ನು ವಿವರಿಸುವುದು, ಕೋಷ್ಟಕ 3 ಮತ್ತೆ ನೋಡುವುದು (ಒಂದನೇ). ವಿಧಾನ ಅರ್ಧಕ್ಕೆ (ಎರಡನೇ), ಇದು ಮೇಲಿನದಕ್ಕೆ ಎದುರು. ಮೂರು ಉಲ್ಲೇಖ ಸೇರಿಸುವುದು (ಒಂದನೇ), ಕಾರಣ ಕೊಟ್ಟಿಲ್ಲ, ಮೂರೂ ಒಬ್ಬರದೇ. ಹಂಗಾಮು, ತೇವಾಂಶದ ಆಳ, ಖರ್ಚು-ಆದಾಯ: ಆಕ್ಷೇಪ ಇದೆ, ಇಂಥದ್ದೇ ಮಾಡಿ ಎಂದು ಕೇಳಿಲ್ಲ."

ಒಂದು ಪುಟ ದಾಟಲಿಲ್ಲ. ಮೆಚ್ಚುಗೆಯ ಸಾಲನ್ನು ಯಾಕೆ ಇಟ್ಟಿರಿ ಎಂದು ಕೇಳಬಹುದು. ಲೇಖಕರ ಸಮಾಧಾನಕ್ಕಲ್ಲ. ಅವಸರದಲ್ಲಿ ಎಲ್ಲವನ್ನೂ ತಿದ್ದಲು ಹೊರಟವರು ರಿವ್ಯೂವರ್ ಒಪ್ಪಿದ ಭಾಗವನ್ನೂ ಕೆಡಿಸಿಬಿಡುತ್ತಾರೆ, ಯಾವುದನ್ನು ಮುಟ್ಟಬೇಕಿಲ್ಲ ಎಂದು ಅದರಿಂದ ತಿಳಿಯುತ್ತದೆ.

ಸಾರಾಂಶ ಸರಿಯಾಗಿದೆಯೇ ಎಂದು ನೋಡಲು ಒಂದು ದಾರಿ ಇದೆ. ಮೂಲ ವರದಿಯ ಪ್ರಿಂಟ್ ತೆಗೆದುಕೊಂಡು, ಸಾರಾಂಶದಲ್ಲಿ ಜಾಗ ಸಿಕ್ಕ ಒಂದೊಂದು ವಾಕ್ಯವನ್ನೂ ಪೆನ್ನಿನಿಂದ ಹೊಡೆಯುತ್ತ ಹೋಗಿ. ಕೊನೆಗೆ ಹೊಡೆಯದೆ ಉಳಿದ ವಾಕ್ಯ ಕೈಬಿಟ್ಟದ್ದು. ಆಮೇಲೆ ಉಲ್ಟಾ ಮಾಡಿ: ಸಾರಾಂಶದ ಒಂದೊಂದು ಸಾಲಿಗೂ ವರದಿಯಲ್ಲಿ ಬೆರಳಿಟ್ಟು ತೋರಿಸಲು ಬರಬೇಕು. ಬೆರಳಿಡಲು ಜಾಗ ಸಿಗದ ಸಾಲು ನಿಮ್ಮದು, ರಿವ್ಯೂವರ್‌ದಲ್ಲ. ಅಂಥ ಸಾಲುಗಳು ಹುಟ್ಟುವುದು ಹೆಚ್ಚಾಗಿ ಗೈಡ್‌ಗಳಿಂದ. ತಾವು ಮೊದಲಿನಿಂದ ಹೇಳುತ್ತ ಬಂದ ತಿದ್ದುಪಡಿಯನ್ನು ರಿವ್ಯೂವರ್ ಹೆಸರಲ್ಲಿ ಸೇರಿಸಿಬಿಡುತ್ತಾರೆ. ಹೇಳಲೇಬೇಕೆಂದಿದ್ದರೆ ಸಾರಾಂಶದ ಹೊರಗೆ, ನಿಮ್ಮ ಹೆಸರು ಹಾಕಿ ಬೇರೆ ಚೀಟಿಯಲ್ಲಿ ಬರೆಯಿರಿ.

ಕೊನೆಗೆ ಒಬ್ಬ ಮೇಡಂ ಕೇಳಿದರು: "ಪೇಪರ್ ರಿಜೆಕ್ಟ್ ಆದ್ರೂ ಇಷ್ಟೆಲ್ಲ ಮಾಡಬೇಕೇನ್ರಿ ಸರ್? ಬೇರೆ ಜರ್ನಲ್‌ಗೆ ಕಳಿಸಿದ್ರ ಆತಲ್ಲ?" ಮಾಡಬೇಕು. ಆಗ ಮೂರನೇ ಭಾಗಕ್ಕೆ ಅಷ್ಟು ಕೆಲಸವಿಲ್ಲ, ಉತ್ತರ ಕೊಡುವ ಪತ್ರವೇ ಇರುವುದಿಲ್ಲವಲ್ಲ. ಆದರೆ ದೊಡ್ಡ ಆಕ್ಷೇಪಗಳ ಪಟ್ಟಿ ಹಾಗೇ ಉಳಿಯುತ್ತದೆ. ಹಿಂಗಾರಿ ಜೋಳ, ತೇವ ಸಂರಕ್ಷಣೆ ಎರಡನ್ನೂ ಬಲ್ಲ ರಿವ್ಯೂವರ್‌ಗಳು ಕೆಲವೇ ಜನ. ಮುಂದಿನ ಜರ್ನಲ್‌ನವರೂ ಅದೇ ಪೇಪರನ್ನು ಅದೇ ವ್ಯಕ್ತಿಗೆ ಕಳಿಸಬಹುದು. ಅವರು ಮೊದಲು ತೆರೆಯುವುದು ಚಿತ್ರ 2 ಇರುವ ಪುಟವನ್ನೇ.